ಮೈ ಉರಿಯದ ನಿಯಾಸಿನ್ ಮತ್ತು ಯಕೃತ್ತಿನ ಪಾಡು

ನಿಯಾಸಿನ್‌ನ 100 ಮಿಲಿಗ್ರಾಂ ಮಾತ್ರೆಯನ್ನು ಮೊದಲ ಸಲ ಖಾಲಿ ಹೊಟ್ಟೆಯಲ್ಲಿ ನುಂಗಿದವರಿಗೆ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಮುಖ ಬಿಸಿಯಾಗತೊಡಗುತ್ತದೆ. ಆ ಬಿಸಿ ಕಿವಿ, ಕತ್ತು, ಎದೆ, ತೋಳುಗಳಿಗೆ ಇಳಿಯುತ್ತದೆ. ಚರ್ಮ ಕೆಂಪೇರುತ್ತದೆ, ಉರಿಯುತ್ತದೆ, ಸೂಜಿ ಚುಚ್ಚಿದಂತೆ ಜುಮುಗುಡುತ್ತದೆ, ಕೆಲವರಿಗೆ ತುರಿಕೆಯೂ ಬರುತ್ತದೆ. ಒಂದು ಗಂಟೆ, ಹೆಚ್ಚೆಂದರೆ ಎರಡು ಗಂಟೆ ಕಳೆಯುವಷ್ಟರಲ್ಲಿ ಎಲ್ಲವೂ ತಾನಾಗಿ ಇಳಿಯುತ್ತದೆ. ವೈದ್ಯರು ಇದನ್ನು ‘ಫ್ಲಶ್’ ಎನ್ನುತ್ತಾರೆ. ಮುಂಚೆ ಯಾರೂ ಹೇಳದೇ ಇದ್ದರೆ ನುಂಗಿದವರು ಅಲರ್ಜಿಯೋ ಹೃದಯಾಘಾತವೋ ಎಂದು ಹೆದರಿ ಆಸ್ಪತ್ರೆಗೆ ಓಡುವುದೂ ಉಂಟು.

ಹೆದರಿಸುವ ಈ ಉರಿ ಬಹುಪಾಲು ನಿರಪಾಯಕಾರಿ. ನಿಜವಾದ ಅಪಾಯ ಇರುವುದು ಯಕೃತ್ತಿನಲ್ಲಿ, ಅದೂ ಬಹಳ ಸಲ ಮೈ ಉರಿಯದೇ ಇದ್ದಾಗ. ಉರಿ ಬೇಡವೆಂದು ಮಾತ್ರೆಯನ್ನು ಬದಲಿಸಿದ್ದೇ ಯಕೃತ್ತಿನ ಮೇಲೆ ಹೊರೆ ಹೆಚ್ಚಿಸಿತು ಎನ್ನುವುದು ನಿಯಾಸಿನ್‌ನ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪಾಠ. ಬಾಟಲಿಯ ಮೇಲೆ ‘ನೋ ಫ್ಲಶ್’, ‘ಟೈಮ್ ರಿಲೀಸ್’ ಎಂದು ಓದಿದ ಕೂಡಲೇ ಇದು ಸೌಮ್ಯವಾದದ್ದು, ಸುರಕ್ಷಿತವಾದದ್ದು ಎಂದು ತಿಳಿಯುವವರು ಇಂದಿಗೂ ಇದ್ದಾರೆ. ಈ ಬರಹ ಮುಖ್ಯವಾಗಿ ಅವರಿಗಾಗಿ.

ಮೊದಲು ಬಿ3 ಎಂದರೆ ಯಾವುದು ಎಂದು ತಿಳಿಯಬೇಕು. ಆ ಹೆಸರಿನಡಿ ಎರಡು ಮುಖ್ಯ ವಸ್ತುಗಳಿವೆ: ನಿಕೋಟಿನಿಕ್ ಆಮ್ಲ ಮತ್ತು ನಿಕೋಟಿನಮೈಡ್. ನಿಕೋಟಿನಮೈಡನ್ನೇ ನಿಯಾಸಿನಮೈಡ್ ಎಂದೂ ಕರೆಯುತ್ತಾರೆ. ಅಣುವಿನ ಒಂದು ತುದಿಯಲ್ಲಷ್ಟೇ ಇವೆರಡಕ್ಕೂ ವ್ಯತ್ಯಾಸ. ಜೀವಸತ್ವವಾಗಿ ಮಾಡುವ ಕೆಲಸದಲ್ಲಿ ಭೇದವಿಲ್ಲ. ದೇಹ ಎರಡನ್ನೂ ಎನ್‌ಎಡಿ ಎಂಬ ಸಹಕಿಣ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ತಿಂದ ಅನ್ನದಿಂದ ಶಕ್ತಿ ತೆಗೆಯುವ ನೂರಾರು ಕ್ರಿಯೆಗಳು ಎನ್‌ಎಡಿ ಇಲ್ಲದೆ ನಡೆಯುವುದಿಲ್ಲ.

1937ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾನ್ರಾಡ್ ಎಲ್ವೆಹ್ಯೆಮ್ ಮತ್ತು ಅವರ ಜೊತೆಗಾರರು ನಾಯಿಗಳಿಗೆ ಬರುವ ‘ಕಪ್ಪು ನಾಲಿಗೆ’ ರೋಗವನ್ನು ಬಿ3ರಿಂದ ಗುಣಪಡಿಸಿದರು. ಅದು ಮನುಷ್ಯರ ಪೆಲಾಗ್ರ ರೋಗಕ್ಕೆ ಸಮನಾದ ಕಾಯಿಲೆ. ಗುಣಪಡಿಸಿದ ಅಂಶವನ್ನು ಅವರು ಬೇರ್ಪಡಿಸಿಕೊಂಡದ್ದು ಯಕೃತ್ತಿನ ಸಾರದಿಂದಲೇ. ಪೆಲಾಗ್ರದಲ್ಲಿ ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿಯಾಗುತ್ತದೆ, ಬುದ್ಧಿ ಕದಡುತ್ತದೆ. ಅಮೆರಿಕದ ದಕ್ಷಿಣದಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿಕೊಂಡ ಬಡವರಲ್ಲಿ ಅದು ಹರಡಿತ್ತು. ನಮ್ಮ ದಖ್ಖನ್ನಿನಲ್ಲಿ ಜೋಳವನ್ನೇ ಮುಖ್ಯ ಆಹಾರವಾಗಿ ಉಣ್ಣುತ್ತಿದ್ದ ಬಡ ಕೂಲಿಗಳಲ್ಲೂ ಅದು ಕಾಣಿಸಿಕೊಂಡಿತ್ತು. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಅಧ್ಯಯನ ಮಾಡಿ, ಜೋಳದ ಪ್ರೊಟೀನಿನಲ್ಲಿ ಅತಿಯಾಗಿರುವ ಲ್ಯೂಸಿನ್‌ಗೂ ಈ ರೋಗಕ್ಕೂ ಸಂಬಂಧವಿದೆಯೆಂದು ವಾದಿಸಿದರು. ಉತ್ತರ ಕರ್ನಾಟಕದ ಊಟದಲ್ಲಿ ಜೋಳದ ರೊಟ್ಟಿಯ ಜೊತೆಗೆ ಬೇಳೆ, ಕಾಳುಪಲ್ಯ, ಶೇಂಗಾ ಹಿಂಡಿ ಇರುವುದರಿಂದ ರೊಟ್ಟಿ ತಿನ್ನುವವರು ಹೆದರಬೇಕಾಗಿಲ್ಲ. ನೂರು ಗ್ರಾಂ ಶೇಂಗಾದಲ್ಲೇ ಸುಮಾರು 12 ಮಿಲಿಗ್ರಾಂ ನಿಯಾಸಿನ್ ಇರುತ್ತದೆ.

ವಯಸ್ಕರಿಗೆ ದಿನಕ್ಕೆ ಬೇಕಾಗುವುದು ಹೆಚ್ಚುಕಡಿಮೆ 15 ಮಿಲಿಗ್ರಾಂ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಊಟದಿಂದ ಬರುವ ನಿಯಾಸಿನ್‌ನಿಂದ ಯಾರ ಯಕೃತ್ತೂ ಕೆಟ್ಟದ್ದಿಲ್ಲ. ಮುಂದೆ ಹೇಳಲಿರುವುದೆಲ್ಲ ಈ ಪ್ರಮಾಣದ ನೂರು, ಇನ್ನೂರು ಪಟ್ಟಿನ ಮಾತು.

ಆ ದೊಡ್ಡ ಪ್ರಮಾಣಗಳು ಬಳಕೆಗೆ ಬಂದದ್ದು 1955ರಿಂದ. ಕೆನಡಾದ ಸಸ್ಕಾಚೆವಾನ್‌ನಲ್ಲಿ ರುಡಾಲ್ಫ್ ಆಲ್ಟ್‌ಶುಲ್, ಏಬ್ರಾಮ್ ಹಾಫರ್ ಮತ್ತು ಸಂಗಡಿಗರು ನಿಕೋಟಿನಿಕ್ ಆಮ್ಲವನ್ನು ಗ್ರಾಂಗಟ್ಟಲೆ ಕೊಟ್ಟರೆ ರಕ್ತದ ಕೊಲೆಸ್ಟರಾಲ್ ಇಳಿಯುತ್ತದೆಂದು ಕಂಡುಕೊಂಡರು. ಸ್ಟ್ಯಾಟಿನ್ ಔಷಧಗಳು ಇನ್ನೂ ಬಂದಿರದ ಕಾಲ ಅದು. ಜೀವಸತ್ವವೊಂದು ಹೃದ್ರೋಗದ ಔಷಧವಾಯಿತು. ದಿನದ ಪ್ರಮಾಣ ಎರಡು ಮೂರು ಗ್ರಾಂ ಮುಟ್ಟಿತು, ಎಂದರೆ ದೇಹಕ್ಕೆ ಬೇಕಾದದ್ದರ ಇನ್ನೂರು ಪಟ್ಟಿನವರೆಗೆ. ಈ ಗುಣ ಇರುವುದು ನಿಕೋಟಿನಿಕ್ ಆಮ್ಲಕ್ಕೆ ಮಾತ್ರ. ನಿಕೋಟಿನಮೈಡನ್ನು ಎಷ್ಟು ನುಂಗಿದರೂ ಕೊಲೆಸ್ಟರಾಲ್ ಇಳಿಯುವುದಿಲ್ಲ, ಮೈ ಉರಿಯುವುದೂ ಇಲ್ಲ.

ಹಾಗಾದರೆ ಉರಿ ಎಲ್ಲಿಂದ ಬರುತ್ತದೆ? ಚರ್ಮದ ಮೇಲ್ಪದರದಲ್ಲಿ ಲ್ಯಾಂಗರ್‌ಹಾನ್ಸ್ ಜೀವಕೋಶಗಳೆಂಬ ರೋಗನಿರೋಧಕ ಕಾವಲಿನ ಕೋಶಗಳಿವೆ. ಅವುಗಳ ಮೈಮೇಲೆ ಜಿಪಿಆರ್109ಎ ಎಂಬ ಗ್ರಾಹಕವಿದೆ. ರಕ್ತದಲ್ಲಿ ನಿಕೋಟಿನಿಕ್ ಆಮ್ಲ ಒಮ್ಮೆಲೇ ಏರಿದಾಗ ಅದು ಈ ಗ್ರಾಹಕಕ್ಕೆ ಹೋಗಿ ಕೂಡುತ್ತದೆ. ಆಗ ಜೀವಕೋಶ ಪ್ರೋಸ್ಟಾಗ್ಲಾಂಡಿನ್ ಡಿ2, ಇ2 ಎಂಬ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತದೆ. ಇವು ಕೆಳಗಿನ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ರಕ್ತ ಚರ್ಮದತ್ತ ನುಗ್ಗಿ ಮೈ ಕೆಂಪಾಗಿ ಬಿಸಿಯಾಗುತ್ತದೆ. ನಿಕೋಟಿನಮೈಡ್ ಆ ಗ್ರಾಹಕಕ್ಕೆ ಕೂಡದ ಕಾರಣ ಅದರಿಂದ ಉರಿಯಿಲ್ಲ.

ವೈದ್ಯರು ನಿಯಾಸಿನ್‌ಗೆ ಅರ್ಧ ಗಂಟೆ ಮುಂಚೆ ಒಂದು ಆಸ್ಪಿರಿನ್ ಕೊಡುತ್ತಿದ್ದುದರ ಕಾರಣವೂ ಇದರಲ್ಲೇ ಇದೆ. ಪ್ರೋಸ್ಟಾಗ್ಲಾಂಡಿನ್ ತಯಾರಿಸುವ ಕಿಣ್ವವನ್ನು ಆಸ್ಪಿರಿನ್ ತಡೆಯುತ್ತದೆ. ಊಟದ ಜೊತೆ ನುಂಗಿದರೆ, ಮಾತ್ರೆಯ ಹೊತ್ತಿಗೆ ಬಿಸಿ ಕಾಫಿ ಮತ್ತು ಮದ್ಯವನ್ನು ಬಿಟ್ಟರೆ, ಸಣ್ಣ ಪ್ರಮಾಣದಿಂದ ಶುರುಮಾಡಿ ವಾರಗಟ್ಟಲೆ ಮೆಲ್ಲನೆ ಏರಿಸಿದರೆ ಉರಿ ಬಹಳಷ್ಟು ತಗ್ಗುತ್ತದೆ. ದಿನವೂ ಬಿಡದೆ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ನಡುವೆ ಕೆಲವು ದಿನ ಬಿಟ್ಟು ಮತ್ತೆ ಶುರುಮಾಡಿದರೆ ಮೊದಲಿನಂತೆಯೇ ಉರಿಯುತ್ತದೆ. ತುಟಿ, ನಾಲಿಗೆ ಊದಿಕೊಂಡರೆ, ಉಸಿರಾಡಲು ಕಷ್ಟವಾದರೆ, ದದ್ದುಗಳೆದ್ದರೆ ಮಾತ್ರ ಅದು ಫ್ಲಶ್ ಅಲ್ಲ, ಅಲರ್ಜಿ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ದಿನಕ್ಕೆ ಮೂರು ಹೊತ್ತು ಮೈ ಉರಿಸಿಕೊಳ್ಳುವ ಔಷಧವನ್ನು ವರ್ಷಾನುಗಟ್ಟಲೆ ಯಾರು ನುಂಗುತ್ತಾರೆ? ರೋಗಿಗಳು ಬಿಟ್ಟುಬಿಡುತ್ತಿದ್ದರು. ಅದಕ್ಕೆ ಔಷಧ ತಯಾರಕರು ಕಂಡುಕೊಂಡ ಉಪಾಯ ಸರಳವಾಗಿತ್ತು. ನಿಕೋಟಿನಿಕ್ ಆಮ್ಲ ಒಮ್ಮೆಲೇ ರಕ್ತಕ್ಕೆ ನುಗ್ಗುವುದರಿಂದ ತಾನೇ ಉರಿ? ಮೇಣದಂಥ ವಸ್ತುವಿನಲ್ಲಿ ಅದನ್ನು ಹುದುಗಿಸಿ, ಹನ್ನೆರಡು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗುವಂತೆ ಮಾಡಿದರೆ ಉರಿ ಬರುವುದಿಲ್ಲ. ನಿಧಾನ ಬಿಡುಗಡೆಯ ನಿಯಾಸಿನ್ ಹುಟ್ಟಿದ್ದು ಹೀಗೆ. ಅಮೆರಿಕದಲ್ಲಿ ಅದು ವೈದ್ಯರ ಚೀಟಿಯಿಲ್ಲದೆ ಅಂಗಡಿಗಳಲ್ಲಿ ಸಿಗುವ ವಸ್ತುವಾಯಿತು.

ಆ ಉಪಾಯದ ಬೆಲೆ ಏನೆಂದು ಸ್ಪಷ್ಟವಾಗಿ ತೋರಿಸಿದ್ದು 1994ರಲ್ಲಿ ಅಮೆರಿಕದ ವೈದ್ಯ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗ. ಅದನ್ನು ಮಾಡಿದವರು ಜೇಮ್ಸ್ ಮೆಕೆನ್ನಿ ಮತ್ತು ಸಹೋದ್ಯೋಗಿಗಳು. ಎಲ್‌ಡಿಎಲ್ ಕೊಲೆಸ್ಟರಾಲ್ 160ಕ್ಕಿಂತ ಹೆಚ್ಚಿದ್ದ 46 ಜನರನ್ನು ಆರಿಸಿಕೊಂಡು 23 ಜನರ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ, ಎಂದರೆ ತಕ್ಷಣ ಕರಗುವ ನಿಯಾಸಿನ್. ಇನ್ನೊಂದಕ್ಕೆ ನಿಧಾನ ಬಿಡುಗಡೆಯದು. ಎರಡೂ ಗುಂಪಿಗೆ ಪ್ರಮಾಣ ಒಂದೇ: ದಿನಕ್ಕೆ 500 ಮಿಲಿಗ್ರಾಂ, ಆಮೇಲೆ 1000, 1500, 2000, ಕೊನೆಗೆ 3000. ಪ್ರತಿ ಮೆಟ್ಟಿಲಿನಲ್ಲೂ ಆರು ವಾರ.

ಮಾಮೂಲಿ ನಿಯಾಸಿನ್ ನುಂಗಿದ 23 ಜನರಲ್ಲಿ 9 ಮಂದಿ ಕೊನೆಯ ಮೆಟ್ಟಿಲು ಮುಗಿಸುವ ಮೊದಲೇ ಕೈಬಿಟ್ಟರು. ಮೈ ಉರಿ, ಆಯಾಸ, ಚರ್ಮ ಕಪ್ಪಾಗಿ ದಪ್ಪವಾಗುವುದು ಅವರು ಬಿಡಲು ಮುಖ್ಯ ಕಾರಣಗಳು. ಯಕೃತ್ತಿಗೆ ವಿಷವಾದ ಪ್ರಕರಣ ಆ ಗುಂಪಿನಲ್ಲಿ ಒಂದೂ ಇರಲಿಲ್ಲ. ನಿಧಾನ ಬಿಡುಗಡೆಯ ಗುಂಪಿನಲ್ಲಿ 18 ಮಂದಿ ಕೈಬಿಟ್ಟರು. ಕಾರಣಗಳು ಬೇರೆ: ಹೊಟ್ಟೆಯ ತೊಂದರೆ, ಆಯಾಸ, ಯಕೃತ್ತಿನ ಕಿಣ್ವಗಳ ಏರಿಕೆ. ಆ 23 ಜನರಲ್ಲಿ 12 ಮಂದಿಯ ಯಕೃತ್ತಿಗೆ ಪೆಟ್ಟು ಬಿದ್ದಿತ್ತು. ಒಂದೇ ವಸ್ತು, ಒಂದೇ ಪ್ರಮಾಣ. ಕರಗುವ ವೇಗವೊಂದೇ ಬೇರೆ. ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಅರ್ಧಕ್ಕಿಂತ ಹೆಚ್ಚು. ನಿಧಾನ ಬಿಡುಗಡೆಯ ಮಾತ್ರೆಗಳ ಬಳಕೆಗೆ ನಿರ್ಬಂಧ ಬೇಕೆಂದು ಮೆಕೆನ್ನಿ ಮತ್ತು ಸಹೋದ್ಯೋಗಿಗಳು ಬರೆದರು. ಗುಂಪು ಚಿಕ್ಕದಾದರೂ ವ್ಯತ್ಯಾಸ ಇಷ್ಟು ದೊಡ್ಡದಿರುವಾಗ ಆ ಮಾತನ್ನು ತಳ್ಳಿಹಾಕುವುದು ಕಷ್ಟ.

ಇದು ಹೇಗೆ ಸಾಧ್ಯ ಎಂದು ತಿಳಿಯಲು ಯಕೃತ್ತು ನಿಕೋಟಿನಿಕ್ ಆಮ್ಲವನ್ನು ಹೇಗೆ ವಿಲೇವಾರಿ ಮಾಡುತ್ತದೆ ಎಂದು ನೋಡಬೇಕು. ಅದಕ್ಕೆ ಎರಡು ದಾರಿಗಳಿವೆ. ಒಂದರಲ್ಲಿ ಅದು ನಿಕೋಟಿನಿಕ್ ಆಮ್ಲಕ್ಕೆ ಗ್ಲೈಸಿನ್ ಎಂಬ ಅಮೈನೋ ಆಮ್ಲವನ್ನು ಅಂಟಿಸಿ ನಿಕೋಟಿನ್ಯೂರಿಕ್ ಆಮ್ಲ ಮಾಡಿ ಮೂತ್ರಕ್ಕೆ ಕಳಿಸುತ್ತದೆ. ಚಿಕ್ಕ, ಸರಳ ಕೆಲಸ. ಇನ್ನೊಂದು ದಾರಿ ಉದ್ದದ್ದು. ಅಲ್ಲಿ ನಿಕೋಟಿನಿಕ್ ಆಮ್ಲ ಎನ್‌ಎಡಿ ಆಗಿ, ನಿಕೋಟಿನಮೈಡ್ ಆಗಿ, ಅದಕ್ಕೆ ಮೀಥೈಲ್ ಗುಂಪು ಸೇರಿ, ಬಳಿಕ ಪಿರಿಡೋನ್‌ಗಳೆಂಬ ವಸ್ತುಗಳಾಗಿ ಹೊರಹೋಗುತ್ತದೆ. ಪ್ರತಿ ಹೆಜ್ಜೆಯೂ ಯಕೃತ್ತಿನ ಜೀವಕೋಶದೊಳಗಿನ ದುಡಿಮೆ.

ನಮ್ಮ ಊರಿನ ಕೆರೆಗಳಿಗೆ ತೂಬೂ ಇರುತ್ತದೆ, ಕೋಡಿಯೂ ಇರುತ್ತದೆ. ತೂಬು ಕಿರಿದು, ಆದರೆ ಕೆರೆಯ ತಳದಲ್ಲಿರುವುದರಿಂದ ನೀರು ಕಡಿಮೆಯಿದ್ದರೂ ಅದರಲ್ಲಿ ಹರಿಯುತ್ತದೆ. ಕೋಡಿ ಅಗಲ, ಆದರೆ ಕೆರೆ ತುಂಬಿದಾಗ ಮಾತ್ರ ಅದರ ಮೇಲೆ ನೀರು ಬೀಳುತ್ತದೆ. ಉದ್ದನೆಯ ದಾರಿ ತೂಬು, ಗ್ಲೈಸಿನ್ ದಾರಿ ಕೋಡಿ. ಮಾಮೂಲಿ ನಿಯಾಸಿನ್ ಒಮ್ಮೆಲೇ ಬಂದ ಮಳೆನೀರು. ತೂಬು ಒಂದು ಮಿತಿಯವರೆಗೆ ಎಳೆದುಕೊಳ್ಳುತ್ತದೆ, ಉಳಿದದ್ದೆಲ್ಲ ಕೋಡಿ ಬೀಳುತ್ತದೆ. ರಕ್ತದಲ್ಲೂ ಮಟ್ಟ ಏರಿರುವ ಕಾರಣ ಮೈ ಉರಿಯುತ್ತದೆ. ಮಳೆ ನಿಂತ ಮೇಲೆ ತೂಬಿಗೂ ಬಿಡುವು. ನಿಧಾನ ಬಿಡುಗಡೆಯದು ದಿನವಿಡೀ ಸುರಿಯುವ ಜಿಟಿಜಿಟಿ ಮಳೆ. ಕೆರೆ ಎಂದೂ ತುಂಬುವುದಿಲ್ಲ, ಕೋಡಿ ಎಂದೂ ಬೀಳುವುದಿಲ್ಲ. ಮೂರು ಗ್ರಾಂ ಬಂದರೂ ಹೆಚ್ಚುಪಾಲು ಆ ಕಿರಿದಾದ ತೂಬಿನಲ್ಲೇ, ಹಗಲೂ ರಾತ್ರಿ ಬಿಡುವಿಲ್ಲದೆ ಸಾಗಬೇಕು.

ಹೀಗೆ ಉರಿಯೂ ಯಕೃತ್ತಿನ ಹೊರೆಯೂ ಎದುರುಬದುರಾಗಿ ಏರಿಳಿಯುತ್ತವೆ. ಒಂದನ್ನು ತಗ್ಗಿಸಿದರೆ ಇನ್ನೊಂದು ಹೆಚ್ಚುತ್ತದೆ. ಇದನ್ನು ಅರಿತೇ ಆಮೇಲೆ ಎಂಟರಿಂದ ಹನ್ನೆರಡು ಗಂಟೆಗಳಲ್ಲಿ ಬಿಡುಗಡೆಯಾಗುವ, ರಾತ್ರಿ ಮಲಗುವಾಗ ಒಂದೇ ಸಲ ನುಂಗುವ ನಡುವಿನ ಬಗೆಯನ್ನು ವೈದ್ಯರ ಚೀಟಿಯ ಔಷಧವಾಗಿ ತಂದರು. ಅದರಲ್ಲಿ ಎರಡೂ ತೊಂದರೆಗಳು ಮಧ್ಯಮ ಪ್ರಮಾಣದಲ್ಲಿವೆ. ಉದ್ದನೆಯ ದಾರಿಯಲ್ಲಿ ಜೀವಕೋಶಕ್ಕೆ ಗಾಸಿ ಮಾಡುವುದು ಯಾವ ವಸ್ತು, ಯಾವ ಹೆಜ್ಜೆ ಎನ್ನುವುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ. ಆದರೆ ಹಾನಿ ಪ್ರಮಾಣಕ್ಕೆ ತಕ್ಕಂತೆ ಹೆಚ್ಚುತ್ತದೆ, ನಿಧಾನ ಬಿಡುಗಡೆಯಲ್ಲಿ ಹೆಚ್ಚು ಕಾಣುತ್ತದೆ, ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ ಎಂಬ ಮೂರು ವಿಷಯಗಳಲ್ಲಿ ಅನುಮಾನವಿಲ್ಲ. ಯಾರೋ ಒಬ್ಬರಿಗೆ ಮಾತ್ರ ಆಗುವ ಅಲರ್ಜಿ ಇದಲ್ಲ. ಪ್ರಮಾಣ ಏರಿಸುತ್ತ ಹೋದರೆ ಯಾರಿಗಾದರೂ ಆಗಬಹುದು.

ವೈದ್ಯಕೀಯ ವರದಿಗಳಲ್ಲಿ ಮತ್ತೆಮತ್ತೆ ಕಾಣುವ ಒಂದು ಸಂದರ್ಭವನ್ನು ಹಂತಹಂತವಾಗಿ ನೋಡೋಣ. ವಿವರಗಳನ್ನು ನಾನು ಒಬ್ಬ ಕಲ್ಪಿತ ರೋಗಿಯ ಮೇಲಿಟ್ಟು ಹೇಳುತ್ತೇನೆ. ಅರವತ್ತರ ಆಸುಪಾಸಿನ ಒಬ್ಬರು ದಿನಕ್ಕೆ ಮೂರು ಗ್ರಾಂ ಮಾಮೂಲಿ ನಿಯಾಸಿನ್‌ಗೆ ಒಗ್ಗಿಹೋಗಿದ್ದಾರೆ. ಎಸ್‌ಜಿಪಿಟಿ 28, ಎಲ್‌ಡಿಎಲ್ 130. ಎಲ್ಲ ಸರಿಯಿದೆ, ಆದರೆ ಉರಿ ಅವರನ್ನು ಕಾಡುತ್ತದೆ. ಒಂದು ದಿನ ಅಂಗಡಿಯಲ್ಲಿ ‘ಟೈಮ್ ರಿಲೀಸ್’ ಎಂದು ಬರೆದ ಬಾಟಲಿ ಕಣ್ಣಿಗೆ ಬೀಳುತ್ತದೆ. ಅದೇ ನಿಯಾಸಿನ್, ಅದೇ 500 ಮಿಲಿಗ್ರಾಂ. ಆರು ಮಾತ್ರೆಗೆ ಆರು ಮಾತ್ರೆ ಎಂದು ಬದಲಿಸಿಕೊಳ್ಳುತ್ತಾರೆ. ಉರಿ ನಿಂತೇಹೋಗುತ್ತದೆ. ವೈದ್ಯರಿಗೆ ಹೇಳಬೇಕೆಂದು ಅವರಿಗೆ ಅನ್ನಿಸುವುದಿಲ್ಲ, ಏಕೆಂದರೆ ಅವರ ಲೆಕ್ಕದಲ್ಲಿ ಔಷಧವೂ ಬದಲಾಗಿಲ್ಲ, ಪ್ರಮಾಣವೂ ಬದಲಾಗಿಲ್ಲ.

ಕೆಲವು ವಾರ ಕಳೆದ ಮೇಲೆ ಊಟ ರುಚಿಸುವುದಿಲ್ಲ. ಬೆಳಿಗ್ಗೆ ವಾಕರಿಕೆ, ಏನು ಮಾಡಿದರೂ ಹೋಗದ ಸುಸ್ತು. ವಯಸ್ಸಾಯಿತು, ಪಿತ್ತ ಏರಿದೆ ಎಂದು ಸುಮ್ಮನಿರುತ್ತಾರೆ. ಆ ಹೊತ್ತಿಗೆ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿದರೆ ಎಲ್‌ಡಿಎಲ್ 130ರಿಂದ 65ಕ್ಕೆ ಇಳಿದಿರುತ್ತದೆ. ಮನೆಯವರಿಗೆ ಸಂತೋಷ. ವೈದ್ಯರೂ ಮೋಸಹೋಗಬಹುದಾದ ಗಳಿಗೆ ಇದು. ಕೊಲೆಸ್ಟರಾಲನ್ನು ಹೊತ್ತು ರಕ್ತಕ್ಕೆ ಬರುವ ಕಣಗಳನ್ನು ತಯಾರಿಸುವುದು ಯಕೃತ್ತೇ. ಪ್ರಮಾಣ ಏರಿಸದೆ ಎಲ್‌ಡಿಎಲ್ ಹೀಗೆ ದಿಢೀರನೆ ಅರ್ಧಕ್ಕೆ ಬಿದ್ದರೆ, ಔಷಧ ಚೆನ್ನಾಗಿ ಕೆಲಸ ಮಾಡುತ್ತಿದೆ ಎನ್ನುವುದಕ್ಕಿಂತ ಯಕೃತ್ತು ಕೆಲಸ ನಿಲ್ಲಿಸುತ್ತಿದೆ ಎನ್ನುವ ಅನುಮಾನ ಮೊದಲು ಬರಬೇಕು. ಎಚ್‌ಡಿಎಲ್ ಕೂಡ ಬಿದ್ದಿದ್ದರೆ ಅನುಮಾನ ಇನ್ನಷ್ಟು ಗಟ್ಟಿ, ಏಕೆಂದರೆ ನಿಯಾಸಿನ್ ಅದನ್ನು ಏರಿಸಬೇಕಾದ ಔಷಧ.

ಅದೇ ದಿನ ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿದರೆ ಎಸ್‌ಜಿಪಿಟಿ, ಎಸ್‌ಜಿಒಟಿ ನೂರುಗಳಲ್ಲಿರುತ್ತವೆ. ಸಾಮಾನ್ಯ ಮಿತಿಯ ಮೂರು ಪಟ್ಟನ್ನು ದಾಟಿದರೆ ನಿಯಾಸಿನ್ ನಿಲ್ಲಿಸಬೇಕೆನ್ನುವುದು ವೈದ್ಯರು ಪಾಲಿಸುವ ನಿಯಮ. ವಾಕರಿಕೆ, ಸುಸ್ತು ಜೊತೆಗಿದ್ದರೆ ಆ ಅಂಕಿಗೂ ಕಾಯಬೇಕಾಗಿಲ್ಲ. ಇನ್ನೂ ಮುಂದುವರಿದರೆ ಅಲ್ಬುಮಿನ್ ಇಳಿಯುತ್ತದೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಹೆಚ್ಚುತ್ತದೆ, ಬಿಲಿರುಬಿನ್ ಏರಿ ಕಣ್ಣು ಹಳದಿಯಾಗುತ್ತದೆ, ಮೂತ್ರ ಕಡುಬಣ್ಣಕ್ಕೆ ತಿರುಗುತ್ತದೆ. ಹೆಪ್ಪುಗಟ್ಟುವ ಸಮಯದ ಏರಿಕೆ ಇವುಗಳಲ್ಲಿ ಬಹಳ ಗಂಭೀರವಾದ ಸೂಚನೆ. ಯಕೃತ್ತು ಪ್ರೊಟೀನು ತಯಾರಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತಿದೆ ಎಂದು ಅದರ ಅರ್ಥ. ಹೀಗೆ ಬದಲಿಸಿಕೊಂಡವರಲ್ಲಿ ಯಕೃತ್ತಿನ ವೈಫಲ್ಯದವರೆಗೆ ಹೋದವರೂ ಇದ್ದಾರೆ.

ಇಲ್ಲಿ ತಪ್ಪು ನುಂಗಿದವರದ್ದೆಂದು ನಾನು ಹೇಳಲಾರೆ. ಬಾಟಲಿಯ ಮುಂಭಾಗದಲ್ಲಿ ದೊಡ್ಡಕ್ಷರದಲ್ಲಿ ಇರುವುದು ‘ನಿಯಾಸಿನ್ 500’. ಅದೇ ಹೆಸರು, ಅದೇ ಅಂಕಿ ಇದ್ದು, ಒಳಗಿನ ವಸ್ತು ದೇಹದಲ್ಲಿ ಬೇರೆ ದಾರಿ ಹಿಡಿಯುತ್ತದೆಂದು ಸಾಮಾನ್ಯರಿಗೆ ಹೇಗೆ ಗೊತ್ತಾಗಬೇಕು? ಮಾಮೂಲಿ ಮಾತ್ರೆಯಿಂದ ನಿಧಾನ ಬಿಡುಗಡೆಯದಕ್ಕೆ ಅದೇ ಪ್ರಮಾಣದಲ್ಲಿ ಬದಲಾಯಿಸಬಾರದು ಎಂಬ ಮಾತನ್ನು ಬಾಟಲಿಯ ಮೇಲೆಯೇ ಅಚ್ಚುಹಾಕಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

‘ನೋ ಫ್ಲಶ್’ ಎಂದು ಮಾರುವ ಇನ್ನೊಂದು ವಸ್ತು ಇದೆ, ಇನೊಸಿಟಾಲ್ ಹೆಕ್ಸಾನಿಕೋಟಿನೇಟ್. ಒಂದು ಇನೊಸಿಟಾಲ್ ಅಣುವಿಗೆ ಆರು ನಿಕೋಟಿನಿಕ್ ಆಮ್ಲದ ಅಣುಗಳು ಅಂಟಿರುತ್ತವೆ. ದೇಹದಲ್ಲಿ ಅದು ಬಿಡಿಸಿಕೊಳ್ಳುವುದು ಬಹಳ ಕಡಿಮೆ ಮತ್ತು ಬಹಳ ನಿಧಾನ. ಆದ್ದರಿಂದ ಉರಿಯೂ ಇಲ್ಲ, ಕೊಲೆಸ್ಟರಾಲ್ ಮೇಲೆ ಹೇಳಿಕೊಳ್ಳುವಂಥ ಪರಿಣಾಮವೂ ಇಲ್ಲ. ದುಡ್ಡು ದಂಡ. ಮುಪ್ಪು ತಡೆಯುತ್ತದೆಂದು ಈಚೆಗೆ ಮಾರುತ್ತಿರುವ ನಿಕೋಟಿನಮೈಡ್ ರೈಬೋಸೈಡ್, ಎನ್‌ಎಮ್‌ಎನ್ ಕೂಡ ಇದೇ ಬಿ3 ಕುಟುಂಬದವು. ಅವು ರಕ್ತದಲ್ಲಿ ಎನ್‌ಎಡಿ ಮಟ್ಟ ಏರಿಸುವುದು ನಿಜ. ಮನುಷ್ಯರ ಆಯುಸ್ಸು ಹೆಚ್ಚಿಸಿದ ಪುರಾವೆ ಇಲ್ಲ.

ನಿಕೋಟಿನಮೈಡ್ ವಿಷಯ ಬೇರೆ. ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ ಬಿ-ಕಾಂಪ್ಲೆಕ್ಸ್ ಗುಳಿಗೆಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಆದ್ದರಿಂದಲೇ ಬಾಯಿಹುಣ್ಣಿಗೆಂದು ಬಿ-ಕಾಂಪ್ಲೆಕ್ಸ್ ನುಂಗಿದವರಿಗೆ ಮೈ ಉರಿದ ಅನುಭವ ಇರುವುದಿಲ್ಲ. ಮುಖಕ್ಕೆ ಹಚ್ಚುವ ಸೀರಮ್‌ಗಳಲ್ಲಿನ ನಿಯಾಸಿನಮೈಡ್ ಕೂಡ ಇದೇ. 2015ರಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಮೊದಲೇ ಚರ್ಮದ ಕ್ಯಾನ್ಸರ್ ಆಗಿದ್ದ 386 ಜನರಲ್ಲಿ ಅರ್ಧ ಮಂದಿಗೆ ದಿನಕ್ಕೆರಡು ಸಲ 500 ಮಿಲಿಗ್ರಾಂ ನಿಕೋಟಿನಮೈಡನ್ನು ಒಂದು ವರ್ಷ ಕೊಟ್ಟಾಗ, ಮೆಲನೋಮ ಅಲ್ಲದ ಹೊಸ ಚರ್ಮದ ಕ್ಯಾನ್ಸರ್‌ಗಳು ಶೇ. 23ರಷ್ಟು ಕಡಿಮೆಯಾದವು. ಆ ಪ್ರಮಾಣವನ್ನು ಅವರು ತೊಂದರೆಯಿಲ್ಲದೆ ತಾಳಿಕೊಂಡರು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ನಿಕೋಟಿನಿಕ್ ಆಮ್ಲಕ್ಕೆ ದಿನಕ್ಕೆ 10 ಮಿಲಿಗ್ರಾಂ ಮಿತಿ ಹಾಕಿ, ನಿಕೋಟಿನಮೈಡ್‌ಗೆ 900 ಮಿಲಿಗ್ರಾಂವರೆಗೆ ಬಿಟ್ಟಿದೆ. ಅಮೆರಿಕದ ಮಿತಿಯಾದ 35 ಮಿಲಿಗ್ರಾಂ ಊಟಕ್ಕಲ್ಲ, ಗುಳಿಗೆಗಳಿಗೆ ಮತ್ತು ಜೀವಸತ್ವ ಬೆರೆಸಿದ ಆಹಾರಕ್ಕೆ. ಅದನ್ನು ನಿಗದಿ ಮಾಡಿದ್ದು ಉರಿ ಎಲ್ಲಿಂದ ಶುರುವಾಗುತ್ತದೆಂದು ನೋಡಿ, ಯಕೃತ್ತಿನ ಹಾನಿಯನ್ನು ನೋಡಿ ಅಲ್ಲ. ಹಾಗೆಂದು ನಿಕೋಟಿನಮೈಡ್ ಎಷ್ಟಾದರೂ ಆಗಬಹುದು ಎಂದಲ್ಲ. ಅದೂ ಆ ಉದ್ದನೆಯ ದಾರಿಯಲ್ಲೇ ಸಾಗಬೇಕಾದ ವಸ್ತು. ದಿನಕ್ಕೆ ಮೂರು ಗ್ರಾಂ ಮೀರಿದ ಪ್ರಮಾಣದಲ್ಲಿ ವಾಕರಿಕೆ, ವಾಂತಿ, ಯಕೃತ್ತಿನ ಹಾನಿ ವರದಿಯಾಗಿವೆ. ಇಲ್ಲಿ ಎಚ್ಚರಿಸಲು ಉರಿಯೂ ಇರುವುದಿಲ್ಲ.

ಕೊಲೆಸ್ಟರಾಲ್‌ಗಾಗಿ ಇಂದು ನಿಯಾಸಿನ್ ನುಂಗಬೇಕೇ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಸಿಕ್ಕಿದೆ. ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದ 3,414 ಜನರ ಮೇಲೆ ನಡೆಯುತ್ತಿದ್ದ ‘ಏಮ್-ಹೈ’ ಪ್ರಯೋಗವನ್ನು ಪ್ರಯೋಜನ ಕಾಣದ ಕಾರಣ 2011ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಿದರು. ಅದಕ್ಕಿಂತ ದೊಡ್ಡದಾದ ‘ಎಚ್‌ಪಿಎಸ್2-ಥ್ರೈವ್’ನಲ್ಲಿ 25,673 ಜನರಿದ್ದರು. ಅದರಲ್ಲಿ ಉರಿಯನ್ನು ತಡೆಯಲು ಪ್ರೋಸ್ಟಾಗ್ಲಾಂಡಿನ್ ಡಿ2ರ ಗ್ರಾಹಕವನ್ನೇ ಮುಚ್ಚುವ ಲ್ಯಾರೊಪಿಪ್ರಾಂಟ್ ಎಂಬ ಔಷಧವನ್ನು ನಿಯಾಸಿನ್ ಜೊತೆ ಸೇರಿಸಿದ್ದರು. ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಬದಲಿಗೆ ಹೊಸದಾಗಿ ಸಕ್ಕರೆ ಕಾಯಿಲೆ, ಸೋಂಕು, ರಕ್ತಸ್ರಾವ ಹೆಚ್ಚಾದವು. 2013ರಲ್ಲಿ ಆ ಜೋಡಿ ಔಷಧವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಎಲ್‌ಡಿಎಲ್ ಇಳಿಸಿ, ಎಚ್‌ಡಿಎಲ್ ಏರಿಸಿ, ಪರೀಕ್ಷೆಯ ಚೀಟಿಯನ್ನು ಸುಂದರವಾಗಿಸಿದರೂ, ಸ್ಟ್ಯಾಟಿನ್ ತೆಗೆದುಕೊಳ್ಳುವವರ ಹೃದಯಕ್ಕೆ ಅದರಿಂದ ಹೆಚ್ಚಿನ ಲಾಭವಾಗಲಿಲ್ಲ. ಹಾಗಿರುವಾಗ ಅಂತರ್ಜಾಲದಲ್ಲಿ ಓದಿ ಯಕೃತ್ತನ್ನು ಪಣಕ್ಕಿಡುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ಅಮೆರಿಕದಲ್ಲಿ ಇನ್ನೊಂದು ಅಪಾಯಕಾರಿ ಬಳಕೆ ಇದೆ. ಕೆಲಸಕ್ಕೆ ಸೇರುವಾಗ ಮಾಡುವ ಮಾದಕವಸ್ತುಗಳ ಮೂತ್ರಪರೀಕ್ಷೆಯಲ್ಲಿ ನಿಯಾಸಿನ್ ನುಂಗಿದರೆ ಪಾರಾಗಬಹುದೆಂಬ ಸುಳ್ಳನ್ನು ನಂಬಿ, ಯುವಕರು ಒಂದೆರಡು ದಿನದಲ್ಲಿ ಗ್ರಾಂಗಟ್ಟಲೆ ನುಂಗಿ, ಯಕೃತ್ತು ಮತ್ತು ಹೃದಯದ ತೊಂದರೆಗಳೊಂದಿಗೆ ತುರ್ತು ಚಿಕಿತ್ಸಾ ಘಟಕ ಸೇರಿದ ವರದಿಗಳಿವೆ. ಮೂತ್ರಪರೀಕ್ಷೆಯ ಫಲಿತಾಂಶವನ್ನು ನಿಯಾಸಿನ್ ಬದಲಿಸುವುದಿಲ್ಲ.

ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ಅಪ್ಪ ಅಮ್ಮನಿಗೆಂದು ಜೀವಸತ್ವದ ದೊಡ್ಡ ಬಾಟಲಿಗಳನ್ನು ತರುವುದು ನಮ್ಮ ಎಷ್ಟೋ ಮನೆಗಳಲ್ಲಿ ಉಂಟು. ಅದರಲ್ಲಿ ಬಿ3 ಇದ್ದರೆ ಮುಂಭಾಗದ ಹೆಸರನ್ನು ಬಿಟ್ಟು ಹಿಂಭಾಗದ ಸಣ್ಣಕ್ಷರವನ್ನು ಓದಿ. ಪಟ್ಟಿಯಲ್ಲಿ ‘ನಿಯಾಸಿನ್’ ಎಂದಿದ್ದರೂ ಅದರ ಪಕ್ಕದಲ್ಲಿ ‘ನಿಕೋಟಿನಿಕ್ ಆ್ಯಸಿಡ್’ ಎಂದಿದೆಯೋ ‘ನಿಯಾಸಿನಮೈಡ್’ ಎಂದಿದೆಯೋ ನೋಡಿ. ಒಂದು ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ ಎಂದು ನೋಡಿ. 20 ಎಂದರೆ ಚಿಂತೆಯಿಲ್ಲ, ನಿಕೋಟಿನಿಕ್ ಆ್ಯಸಿಡ್ 500 ಎಂದರೆ ಅದು ಜೀವಸತ್ವದ ಪ್ರಮಾಣವಲ್ಲ, ಔಷಧದ ಪ್ರಮಾಣ. ‘ಟೈಮ್ ರಿಲೀಸ್’, ‘ಸಸ್ಟೇನ್ಡ್ ರಿಲೀಸ್’, ‘ಸ್ಲೋ ರಿಲೀಸ್’ ಎಂಬ ಪದಗಳಲ್ಲಿ ಯಾವುದಾದರೂ ಇದ್ದರೆ ವೈದ್ಯರಿಗೆ ತೋರಿಸದೆ ತೆರೆಯಬೇಡಿ. ಈಗಾಗಲೇ ಯಕೃತ್ತಿನ ಕಾಯಿಲೆ ಇರುವವರು, ದಿನವೂ ಮದ್ಯ ಸೇವಿಸುವವರು, ಗೌಟ್ ಇರುವವರು, ಸಕ್ಕರೆ ಹತೋಟಿಯಲ್ಲಿಲ್ಲದವರು ದೊಡ್ಡ ಪ್ರಮಾಣದ ನಿಕೋಟಿನಿಕ್ ಆಮ್ಲದಿಂದ ದೂರವಿರಬೇಕು. ಅದು ಯೂರಿಕ್ ಆಮ್ಲವನ್ನೂ ರಕ್ತದ ಸಕ್ಕರೆಯನ್ನೂ ಏರಿಸುತ್ತದೆ.

ವೈದ್ಯರೇ ಕೊಟ್ಟು ನುಂಗುತ್ತಿರುವವರಾದರೆ ಶುರುಮಾಡುವ ಮುನ್ನ ಒಮ್ಮೆ, ಪ್ರಮಾಣ ಏರಿಸಿದಾಗಲೆಲ್ಲ, ಮೊದಲ ವರ್ಷದಲ್ಲಿ ಕೆಲವು ತಿಂಗಳಿಗೊಮ್ಮೆ ಲಿವರ್ ಫಂಕ್ಷನ್ ಟೆಸ್ಟ್ ಆಗಬೇಕು. ಬ್ರ್ಯಾಂಡ್ ಬದಲಾದರೆ ಹೇಳಬೇಕು. ಕಿಣ್ವಗಳು ಏರಿದ್ದು ಕಂಡು ಮಾತ್ರೆ ನಿಲ್ಲಿಸಿದರೆ ಬಹುತೇಕರಲ್ಲಿ ವಾಕರಿಕೆ ಕೆಲವು ದಿನಗಳಲ್ಲಿ ಹೋಗುತ್ತದೆ, ಎಸ್‌ಜಿಪಿಟಿ ಕೆಲವು ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ, ಇಳಿದಿದ್ದ ಎಲ್‌ಡಿಎಲ್ ಮತ್ತೆ ಏರುತ್ತದೆ. ಆ ಏರಿಕೆ ಯಕೃತ್ತು ಚೇತರಿಸಿಕೊಂಡದ್ದರ ಗುರುತು. ಅದನ್ನು ನೋಡಿ ಗಾಬರಿಯಾಗಿ ಅದೇ ನಿಧಾನ ಬಿಡುಗಡೆಯ ಮಾತ್ರೆಯನ್ನು ಮತ್ತೆ ಶುರುಮಾಡಬಾರದು.